ಜಂಗಲ್ ಎಂದರೆ ದಟ್ಟ ಕಾಡಾ? ನಮ್ಮಿಂದ ಇಂಗ್ಲಿಷ್‌ಗೆ ಹೋದ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಪಿಯುಸಿ, ಡಿಗ್ರಿ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ವ್ಯಾಕರಣ ಶುರು ಮಾಡಿದರೆ ಆಕಳಿಸುವ ಹುಡುಗರು, ‘ಶಾಂಪೂ ನಮ್ಮ ಪದ’ ಎಂದ ಕೂಡಲೇ ಎದ್ದು ಕೂರುತ್ತಾರೆ. ಆಮೇಲೆ ಪ್ರಶ್ನೆಗಳ ಸುರಿಮಳೆ. ಪ್ರತಿ ವರ್ಷ ಅವೇ ಪ್ರಶ್ನೆಗಳು ಬರುತ್ತವೆ. ಹಾಗಾಗಿ ಒಂದು ಕಡೆ ಬರೆದಿಡೋಣ ಅನಿಸಿತು. ಎಲ್ಲ ಪದಗಳ ಪಟ್ಟಿ ಇಲ್ಲಿಲ್ಲ. ಮೂರು ಪದಗಳನ್ನು ಹಿಡಿದುಕೊಂಡಿದ್ದೇನೆ. ಅದರಲ್ಲೂ ‘ಜಂಗಲ್’ಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಯಾಕೆಂದರೆ ಅದು ನಮ್ಮ ನೆಲದ್ದೇ ಕಥೆ.

ಜಂಗಲ್ ಎಂದರೆ ದಟ್ಟ ಕಾಡು ಅಲ್ವಾ? ಇದರಲ್ಲಿ ಕೇಳೋದೇನಿದೆ?

ಈಗ ಹೌದು, ಮೊದಲು ಅಲ್ಲ. ಮೂಲ ಪದ ಸಂಸ್ಕೃತದ ‘ಜಾಂಗಲ’. ಅದರ ಅರ್ಥ ಒಣ ನೆಲ. ಮಳೆ ಕಡಿಮೆ, ಗಿಡ ಅಲ್ಲೊಂದು ಇಲ್ಲೊಂದು, ತಲೆಯ ಮೇಲೆ ಅಗಲವಾದ ಬಯಲು ಆಕಾಶ. ಅಂದರೆ ಇಂದು ನಾವು ಜಂಗಲ್ ಎಂದಾಗ ಕಣ್ಣ ಮುಂದೆ ಬರುವ ಚಿತ್ರಕ್ಕೆ ಹೆಚ್ಚುಕಡಿಮೆ ತದ್ವಿರುದ್ಧ.

ಒಮ್ಮೆ ತರಗತಿಯಲ್ಲಿ ‘ಜಂಗಲ್ ಚಿತ್ರ ಬರೀರಿ’ ಎಂದೆ. ಎಲ್ಲರೂ ಬಳ್ಳಿ ಜೋತುಬಿದ್ದ ಎತ್ತರದ ಮರ, ಹೊಳೆ, ಹಾವು, ಹುಲಿ ಬರೆದರು. ಆ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಅಂಥ ಕಾಡನ್ನು ಕಣ್ಣಾರೆ ಕಂಡವರಲ್ಲ. ಟಿವಿಯಲ್ಲಿ ನೋಡಿದ್ದು, ಅದೂ ಅಮೆಜಾನ್ ಕಾಡು. ಒಬ್ಬ ಹುಡುಗ ಮಾತ್ರ ಎರಡು ಜಾಲಿ ಗಿಡ, ಒಂದು ಆಡು ಬರೆದು ಕೂತಿದ್ದ. ಎಲ್ಲರೂ ನಕ್ಕರು. ‘ಇದೇನಲೇ, ನಿಮ್ಮೂರ ಮಡ್ಡಿ ಬರದೀಯಲ್ಲ’ ಎಂದು ಪಕ್ಕದವನು ಛೇಡಿಸಿದ. ಸಂಸ್ಕೃತದ ಲೆಕ್ಕದಲ್ಲಿ ಪೂರ್ತಿ ಅಂಕ ಆ ಹುಡುಗನಿಗೇ ಹೋಗಬೇಕು.

‘ಜಾಂಗಲ’ ಎಂದರೆ ಒಣ ನೆಲ ಎನ್ನೋದಕ್ಕೆ ಆಧಾರ ಏನು?

ಆಯುರ್ವೇದದ ಹಳೆಯ ಗ್ರಂಥಗಳು. ವೈದ್ಯನಿಗೆ ರೋಗಿಯ ಊರು ಎಂಥದು ಎಂದು ಗೊತ್ತಿರಬೇಕಿತ್ತು. ಅದಕ್ಕೇ ನೆಲವನ್ನು ಮೂರು ಬಗೆ ಮಾಡಿದರು: ಜಾಂಗಲ, ಆನೂಪ, ಸಾಧಾರಣ. ಜಾಂಗಲ ಒಣ ನೆಲ, ಆನೂಪ ಜೌಗು ನೆಲ, ಎರಡರ ನಡುವಿನದು ಸಾಧಾರಣ.

ಚರಕ ಸಂಹಿತೆಯಲ್ಲಿ ಜಾಂಗಲದ ವರ್ಣನೆ ಓದಿದರೆ ಯಾರೋ ನಮ್ಮ ಕಡೆ ಬಂದು ಹೋಗಿಯೇ ಬರೆದಂತಿದೆ. ಸುತ್ತ ತೆರೆದ ಆಕಾಶ. ಕಗ್ಗಲಿ, ಬಾರಿ, ನೆಲ್ಲಿ, ಅರಳಿ, ಆಲದಂಥ ಮರಗಳು. ಬನ್ನಿ ಗಿಡಗಳು ಬಹಳ. ಒಣ ಗಾಳಿ ಬಿಡದೆ ಬೀಸಿ, ಎಳೆಯ ಕೊಂಬೆಗಳು ಕುಣಿದಂತೆ ಕಾಣುತ್ತವೆ. ಬಿಸಿಲುಗುದುರೆ ಎಲ್ಲ ಕಡೆ. ನೆಲ ಮರಳು, ಹರಳು, ಒರಟು. ಲಾವಕ್ಕಿ, ತಿತ್ತಿರಿ ಹಕ್ಕಿ ಓಡಾಡುತ್ತವೆ. ಕೊನೆಗೆ ಮಂದಿ ಎಂಥವರು ಎಂದೂ ಹೇಳಿದೆ: ಗಟ್ಟಿ, ಕಠಿಣ ಮೈಯವರು.

ಇದನ್ನು ಓದಿ ಹೇಳಿದಾಗ ಇಂಡಿ ಕಡೆಯ ಒಬ್ಬ ಹುಡುಗ, ‘ಸರ, ಕಡೀ ಮಾತು ಮಾತ್ರ ಇನ್ನೊಮ್ಮೆ ಓದ್ರಿ’ ಎಂದ.

ಒಂದು ಮಾತು ಗಮನಿಸಬೇಕು. ಜಾಂಗಲದಲ್ಲಿ ಮರವೇ ಇಲ್ಲ ಎಂದು ಚರಕ ಹೇಳುವುದಿಲ್ಲ. ಮರಗಳ ತೋಪೂ ಇರಬಹುದು. ಆದರೆ ಅವು ಒಣ ನೆಲದ ಮರಗಳು. ದಟ್ಟವಾಗಿ ಹಸಿರು ಕವಿದ, ತೆಂಗು, ಬಾಳೆ ಬೆಳೆಯುವ, ಹೊಳೆ ಮತ್ತು ಸಮುದ್ರದ ದಂಡೆಯ ನೆಲಕ್ಕೆ ಆ ಗ್ರಂಥದಲ್ಲಿರುವ ಹೆಸರು ಆನೂಪ. ಅಲ್ಲಿನ ಮಂದಿ ಸುಕುಮಾರರು ಎಂದೂ ಬರೆದಿದೆ. ಇಂಗ್ಲಿಷರು ಇಂದು ಜಂಗಲ್ ಎಂದು ಯಾವುದನ್ನು ಕರೆಯುತ್ತಾರೋ, ಅದು ನಮ್ಮ ಹಳೆಯ ವೈದ್ಯರ ಆನೂಪಕ್ಕೆ ಹತ್ತಿರ.

ಹಾಗಾದರೆ ಜಾಂಗಲ ಎಂದರೆ ಬಂಜರು, ಕೆಲಸಕ್ಕೆ ಬಾರದ ನೆಲ ಅಂತಲಾ?

ಅಲ್ಲ. ಇಲ್ಲೇ ಬಹಳ ಜನ ಎಡವುತ್ತಾರೆ. ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ರಾಜ ಎಲ್ಲಿ ನೆಲೆಸಬೇಕು ಎಂಬ ಮಾತು ಬರುತ್ತದೆ. ಜಾಂಗಲವಾಗಿರುವ, ಬೆಳೆ ಚೆನ್ನಾಗಿ ಬರುವ ನಾಡಿನಲ್ಲಿ ಇರಬೇಕು ಎನ್ನುತ್ತದೆ ಅದು. ಒಣಹವೆ ಆರೋಗ್ಯಕ್ಕೆ ಒಳ್ಳೆಯದು, ಬಯಲು ಇದ್ದರೆ ಶತ್ರು ದೂರದಿಂದಲೇ ಕಾಣುತ್ತಾನೆ, ಕಾಳು ಬೆಳೆಯುತ್ತದೆ. ನಮ್ಮ ಕಡೆ ಜೋಳದ ಸೀಮೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದಿಲ್‌ಶಾಹಿಗಳು ಮನುಸ್ಮೃತಿ ಓದಿ ಇಲ್ಲಿ ರಾಜಧಾನಿ ಕಟ್ಟಿದರು ಎಂದು ನಾನು ಹೇಳುತ್ತಿಲ್ಲ, ಸುಮ್ನೆ ನೆನಪಾಯಿತು.

ಇನ್ನೊಂದು ಗಟ್ಟಿ ಸಾಕ್ಷಿ ರಾಜಸ್ಥಾನದ್ದು. ಬಿಕಾನೇರ್ ಸುತ್ತಲಿನ ಮರಳುಗಾಡಿಗೆ ಹಳೆಯ ಹೆಸರು ಜಾಂಗಲ ದೇಶ. ಅಲ್ಲಿನ ರಾಜರಿಗೆ ‘ಜಂಗಲಧರ ಬಾದಶಾಹ’ ಎಂಬ ಬಿರುದಿತ್ತು. ಇಂದಿನ ಇಂಗ್ಲಿಷ್ ಅರ್ಥ ಹಿಡಿದು ಓದಿದರೆ ಒಂಟೆಗಳ ನಾಡಿನ ದೊರೆ ಟಾರ್ಜನ್ ಆಗಿಬಿಡುತ್ತಾನೆ.

ಒಣ ನೆಲ ದಟ್ಟ ಕಾಡಾಗಿದ್ದು ಹೇಗೆ? ಯಾರೋ ತಪ್ಪು ತಿಳಿದುಕೊಂಡರಾ?

ಯಾರೂ ಒಂದೇ ಸಲ ತಪ್ಪು ಮಾಡಲಿಲ್ಲ. ಅರ್ಥ ಸಣ್ಣ ಸಣ್ಣ ಹೆಜ್ಜೆ ಇಟ್ಟು ಸರಿಯಿತು. ಒಂದೊಂದು ಹೆಜ್ಜೆಯನ್ನೂ ಬಿಡಿಯಾಗಿ ನೋಡಿದರೆ ಸರಿಯಾಗಿಯೇ ಇದೆ.

ಮೊದಲ ಹೆಜ್ಜೆ ನಮ್ಮಲ್ಲೇ ಆಯಿತು. ಸಂಸ್ಕೃತದಿಂದ ಹಿಂದಿ, ಮರಾಠಿ ಮುಂತಾದ ಭಾಷೆಗಳಿಗೆ ಬರುವಷ್ಟರಲ್ಲಿ ‘ಜಂಗಲ್’ ಎಂದರೆ ಊರಾಚೆ ಇರುವ, ಉಳುಮೆ ಮಾಡದ ನೆಲ ಎಂದಾಗಿತ್ತು. ಒಣ, ಹಸಿ ಎಂಬ ಲೆಕ್ಕ ಹಿಂದೆ ಬಿತ್ತು. ಉತ್ತಿದ್ದು ಹೊಲ, ಉಳದೇ ಬಿಟ್ಟಿದ್ದು ಜಂಗಲ್. ಇದು ನಮಗೆ ಬೇಗ ಅರ್ಥವಾಗಬೇಕು. ‘ಅಡವಿ’ ಎಂದರೆ ನಿಘಂಟಿನಲ್ಲಿ ಕಾಡು. ಆದರೆ ನಮ್ಮ ಕಡೆ ಹಳ್ಳಿಯಲ್ಲಿ ‘ಅಡವ್ಯಾಗ ಹೋಗ್ಯಾನ’ ಎಂದರೆ ಊರು ಬಿಟ್ಟು ಹೊಲದ ಕಡೆ ಹೋಗಿದ್ದಾನೆ ಅಂತ. ಅಲ್ಲಿ ಒಂದು ಮರವೂ ಇಲ್ಲದಿರಬಹುದು. ಊರಿನ ಆಚೆಗೆ ಇರುವುದಕ್ಕೆಲ್ಲ ಒಂದು ಪದ ಬೇಕಿತ್ತು, ಅಷ್ಟೇ.

ಎರಡನೇ ಹೆಜ್ಜೆ ಬಂಗಾಳದಲ್ಲಿ. ಈಸ್ಟ್ ಇಂಡಿಯಾ ಕಂಪನಿ ಅಲ್ಲಿ ಕಂದಾಯ ವಸೂಲಿಗೆ ಇಳಿದಿತ್ತು. ಯಾವ ನೆಲಕ್ಕೆ ತೆರಿಗೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದೇ ಅವರ ದೊಡ್ಡ ಚಿಂತೆ. 1776ರಲ್ಲಿ ನಥಾನಿಯಲ್ ಹಾಲ್ಹೆಡ್ ಎಂಬ ಅಧಿಕಾರಿ ಹಿಂದೂ ಕಾನೂನುಗಳ ಸಂಗ್ರಹವನ್ನು ಪರ್ಶಿಯನ್‌ನಿಂದ ಇಂಗ್ಲಿಷ್‌ಗೆ ತಂದ. ಅದರಲ್ಲಿ, ಐದು ವರ್ಷ ಪಾಳು ಬಿದ್ದ ನೆಲವನ್ನು ಜಂಗಲ್ ಎನ್ನುತ್ತಾರೆ ಎಂದಿದೆ. ಇಂಗ್ಲಿಷ್ ನಿಘಂಟುಗಳು ಈ ಪದಕ್ಕೆ ಕೊಡುವ ಮೊದಲ ಬಳಕೆ ಇದೇ. ನೋಡಿ, ಮರದ ಮಾತಿಲ್ಲ, ಹುಲಿಯ ಮಾತಿಲ್ಲ. ನೆಲ ಪಾಳು ಬಿದ್ದು ಎಷ್ಟು ವರ್ಷವಾಯಿತು ಎಂಬುದೊಂದೇ ಅಳತೆ.

ಈಗ ಒಂದು ಲೆಕ್ಕ ಹಾಕಿ. ನಮ್ಮ ಕಡೆ ಹೊಲವನ್ನು ಐದು ವರ್ಷ ಹಾಗೇ ಬಿಟ್ಟರೆ ಏನಾಗುತ್ತದೆ? ಕರಿಕೆ, ಮುಳ್ಳುಕಂಟಿ, ನಾಲ್ಕು ಜಾಲಿ ಗಿಡ. ಆಡು ಮೇಯಿಸಬಹುದು. ಅದೇ ಬಂಗಾಳದಲ್ಲಿ ಬಿಟ್ಟರೆ? ಮಳೆಯೂ ಧಾರಾಳ, ನದಿ ತಂದ ಮಣ್ಣೂ ಇದೆ. ಐದು ವರ್ಷದಲ್ಲಿ ಆಳೆತ್ತರದ ಹುಲ್ಲು, ಬಿದಿರು, ಪೊದೆ ಕವಿದು ಒಳಗೆ ಕಾಲಿಡಲಾಗದಂತೆ ಆಗುತ್ತದೆ. ಪದ ಅದೇ, ಕಾನೂನು ಅದೇ, ಆದರೆ ಕಣ್ಣಿಗೆ ಕಾಣುವುದು ಬೇರೆ. ಇಂಗ್ಲಿಷರು ಜಂಗಲ್ ಎಂಬ ಪದವನ್ನು ಆಡಳಿತದಲ್ಲಿ ಹೆಚ್ಚು ಬಳಸಿದ್ದು ಬಂಗಾಳದಲ್ಲಿ. ಹಾಗಾಗಿ ಅವರ ತಲೆಯಲ್ಲಿ ಕೂತಿದ್ದು ಈ ಎರಡನೇ ಚಿತ್ರ.

ಅದರ ಮೇಲೆ 1770ರ ಭೀಕರ ಬರಗಾಲ. ಲಕ್ಷಾಂತರ ಜನ ಸತ್ತರು, ಊರಿಗೆ ಊರೇ ಖಾಲಿಯಾಗಿ ಹೊಲ ಪಾಳು ಬಿದ್ದವು. 1789ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಕಂಪನಿಯ ಸೀಮೆಯಲ್ಲಿ ಮೂರರಲ್ಲಿ ಒಂದು ಭಾಗ ಈಗ ಜಂಗಲ್ ಆಗಿದೆ, ಅಲ್ಲಿ ಕಾಡುಮೃಗಗಳು ಮಾತ್ರ ಇವೆ ಎಂದು ಬರೆದ. ಆತ ಹೇಳುತ್ತಿದ್ದುದು ಕಾಡಿನ ಬಗ್ಗೆ ಅಲ್ಲ, ಕೈತಪ್ಪಿದ ಕಂದಾಯದ ಬಗ್ಗೆ. ಆದರೆ ಆ ಒಂದೇ ಸಾಲಿನಲ್ಲಿ ಪಾಳು ನೆಲವೂ ಇದೆ, ಕಾಡುಮೃಗವೂ ಇದೆ. ಅರ್ಥ ಹೊಸ್ತಿಲ ಮೇಲೆ ನಿಂತಿದೆ: ಒಂದು ಕಾಲು ಒಳಗೆ, ಒಂದು ಹೊರಗೆ.

ಆಮೇಲೆ ಏನಾಯಿತು?

ಆಮೇಲಿನದು ಬೇಗ ಮುಗಿಯುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಶಿಕಾರಿಗೆ ಹೋದವರ ಕಥೆ, ಮಲೇರಿಯಾಕ್ಕೆ ‘ಜಂಗಲ್ ಜ್ವರ’ ಎಂಬ ಹೆಸರು, ಬರ್ಮಾ ಮತ್ತು ಮಲಯದ ಮಳೆಕಾಡು, ಇವೆಲ್ಲ ಸೇರಿ ಪದ ಪೂರ್ತಿ ಹಸಿರಾಯಿತು. ಅಲ್ಲಿಂದ ಆಫ್ರಿಕಾಕ್ಕೂ ದಕ್ಷಿಣ ಅಮೆರಿಕಕ್ಕೂ ಹೋಯಿತು. ಭಾರತದ ಒಣ ನೆಲದ ಪದ ಅಮೆಜಾನ್ ಕಾಡಿನ ಹೆಸರಾಯಿತು.

1894ರಲ್ಲಿ ಬಂದ ಕಿಪ್ಲಿಂಗ್‌ನ ‘ಜಂಗಲ್ ಬುಕ್’ ಈ ಪದವನ್ನು ಮಕ್ಕಳ ಬಾಯಿಗೂ ಹಾಕಿತು. ಅದರಲ್ಲಿ ಒಂದು ತಮಾಷೆ ಇದೆ. ಆ ಕಥೆಗಳಲ್ಲಿ ‘ಜಂಗಲ್ ಕಾನೂನು’ ಎಂದರೆ ಪ್ರಾಣಿಗಳೆಲ್ಲ ತಪ್ಪದೇ ಪಾಲಿಸುವ ಕಟ್ಟುನಿಟ್ಟಿನ ನಿಯಮ. ಇಂದು ಅದೇ ಮಾತನ್ನು, ಯಾವ ಕಾನೂನೂ ಇಲ್ಲ, ಬಲವಿದ್ದವನದೇ ರಾಜ್ಯ ಎಂಬುದಕ್ಕೆ ಬಳಸುತ್ತಾರೆ. ಒಂದೇ ಪದದ ಸಂಸಾರದಲ್ಲಿ ಎರಡು ಸಲ ಅರ್ಥ ತಿರುಗಿ ಬಿದ್ದಿದೆ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದಲ್ಲಿ ರೈಲು ಹಳಿಯ ಪಕ್ಕ ಅಲೆಮಾರಿ ಕೂಲಿಗಳು ಬಿಡಾರ ಹೂಡುವ ಜಾಗಕ್ಕೂ ಜಂಗಲ್ ಎನ್ನುತ್ತಿದ್ದರು. ಇನ್ನೂ ಈಚೆಗೆ ಫ್ರಾನ್ಸಿನ ಕ್ಯಾಲೆ ಎಂಬ ಬಂದರಿನ ಬಳಿ ವಲಸಿಗರ ದೊಡ್ಡ ಬಿಡಾರ ಇತ್ತು. 2016ರಲ್ಲಿ ತೆರವು ಮಾಡಿದರು. ಅದನ್ನೂ ಲೋಕವೆಲ್ಲ ಜಂಗಲ್ ಎಂದೇ ಕರೆಯಿತು. ಓದುಗರು ಇದು ಇಂಗ್ಲಿಷ್ ಬೈಗುಳ ಎಂದುಕೊಂಡರು. ಆದರೆ ಪಶ್ತೋ ಮಾತಾಡುವ ವಲಸಿಗರು ತಾವಿದ್ದ ಮರಗಳ ತೋಪಿಗೆ ತಮ್ಮ ಭಾಷೆಯಲ್ಲೇ ‘ಝಂಗಲ್’ ಎಂದದ್ದು ಅದರ ಹಿಂದೆ ಇತ್ತು. ಇಂಗ್ಲೆಂಡಿಗೆ ಹಡಗಿನಲ್ಲಿ ಹೋದ ಪದದ ದಾಯಾದಿ, ಇನ್ನೂರು ಚಿಲ್ಲರೆ ವರ್ಷ ಆದಮೇಲೆ ನೆಲದ ದಾರಿಯಲ್ಲಿ ಅದೇ ಕಡಲ ದಂಡೆಯವರೆಗೆ ನಡೆದು ಹೋಯಿತು.

ಜಂಗಮಕ್ಕೂ ಜಂಗಲ್‌ಗೂ ಸಂಬಂಧ ಇದೆಯಾ? ಜಂಗಮರು ಊರೂರು, ಕಾಡು ಮೇಡು ತಿರುಗುತ್ತಿದ್ದರಲ್ಲ?

ಸಂಬಂಧವಿಲ್ಲ. ಜಂಗಮ ಎಂಬುದು ‘ಗಮ್’, ಅಂದರೆ ಹೋಗು ಎಂಬ ಧಾತುವಿನಿಂದ ಬಂದದ್ದು. ಚಲಿಸುವುದು ಜಂಗಮ, ನಿಂತಿರುವುದು ಸ್ಥಾವರ. ನಮ್ಮ ಕಡೆ ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಸದ್ದು ಒಂದೇ ಥರ ಇದ್ದ ಮಾತ್ರಕ್ಕೆ ನೆಂಟಸ್ತನ ಕಟ್ಟಬಾರದು.

ಬಂಗಲೋ ಎಂದರೆ ಬಂಗಾರದ ಮನೆ ಅಂತಲಾ?

ಇದೂ ಸದ್ದಿನ ಮೋಸ. ಬಂಗಲೋ ಎಂದರೆ ‘ಬಂಗಾಳದ್ದು’. ಹಿಂದಿ, ಗುಜರಾತಿಯ ‘ಬಂಗ್ಲಾ’ ಎಂಬ ಪದ. ಬಂಗಾಳದ ರೈತರ ಗುಡಿಸಲಿನ ನಮೂನೆ ಅದು. ಒಂದೇ ಅಂತಸ್ತು, ಹುಲ್ಲಿನ ಇಳಿಜಾರು ಸೂರು.

ಮೊದಮೊದಲು ಅದರಲ್ಲಿ ದೊಡ್ಡಸ್ತಿಕೆ ಏನೂ ಇರಲಿಲ್ಲ. 1676ರ ಸುಮಾರಿನ ಹೂಗ್ಲಿಯ ಕಂಪನಿ ಬರವಣಿಗೆಯಲ್ಲಿ ‘ಬಂಗಲೆಗಳು ಅಥವಾ ಗುಡಿಸಲುಗಳು’ ಎಂಬ ಅರ್ಥದ ಮಾತು ಬರುತ್ತದೆ. ಕಂಪನಿಯ ದೋಣಿಗಳಲ್ಲಿ ಕೆಲಸ ಮಾಡುವ ಇಂಗ್ಲಿಷರಿಗೆ ತಂಗಲು ಕಟ್ಟಿಸಿದ ಜೋಪಡಿ ಅವು. ಆಮೇಲೆ ಅದೇ ನಮೂನೆಗೆ ಸುತ್ತ ಪಡಸಾಲೆ ಸೇರಿತು, ಗೋಡೆ ದಪ್ಪವಾಯಿತು, ಹುಲ್ಲು ಹೋಗಿ ಹಂಚು ಬಂತು, ಸುತ್ತ ದೊಡ್ಡ ಅಂಗಳ, ಹಿಂದೆ ಆಳುಗಳ ಮನೆ. ಬೆಳಗಾವಿ ಕ್ಯಾಂಪ್ ಕಡೆ ಅಡ್ಡಾಡಿದವರಿಗೆ ಈ ನಮೂನೆ ಗೊತ್ತು. ಗುಡಿಸಲು ಸಾಹೇಬರ ಮನೆಯಾಯಿತು, ಪದಕ್ಕೂ ಬಡ್ತಿ ಸಿಕ್ಕಿತು.

ನಮ್ಮೂರಿನಲ್ಲೇ ಒಂದು ವಿಚಿತ್ರ ನಡೆದಿದೆ. ಬ್ರಿಟಿಷರು 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ವಿಜಯಪುರಕ್ಕೆ ತಂದರು. ಹೊಸ ಕಟ್ಟಡ ಕಟ್ಟುವ ಬದಲು ಆದಿಲ್‌ಶಾಹಿ ಕಾಲದ ಎಷ್ಟೋ ಕಟ್ಟಡಗಳನ್ನೇ ಕಚೇರಿ ಮಾಡಿಕೊಂಡರು. ಒಂದು ಮಸೀದಿಯಲ್ಲಿ ಅಂಚೆ ಕಚೇರಿ, ಇನ್ನೊಂದರಲ್ಲಿ ಡಾಕ್ ಬಂಗಲೆ! ಮುಂದೆ ವೈಸ್‌ರಾಯ್ ಕರ್ಜನ್ ಅವನ್ನು ಖಾಲಿ ಮಾಡಿಸಿದ. ಇಲ್ಲಿ ಗಮನಿಸುವುದೇನೆಂದರೆ, ಆ ಹೊತ್ತಿಗೆ ಬಂಗಲೆ ಎಂಬುದು ಕಟ್ಟಡದ ಆಕಾರದ ಹೆಸರೇ ಆಗಿ ಉಳಿದಿರಲಿಲ್ಲ. ಅಧಿಕಾರಿ ತಂಗುವ ಜಾಗ ಯಾವುದೋ ಅದು ಬಂಗಲೆ. ಕಲ್ಲಿನ ಕಮಾನು ಇರುವ ಮಸೀದಿಯೂ ಬಂಗಲೆ ಆಗಬಹುದಿತ್ತು. ಈಗಲೂ ನಾವು ‘ಐಬಿ’ ಎನ್ನುತ್ತೇವಲ್ಲ, ಅದರಲ್ಲಿನ ‘ಬಿ’ ಇದೇ ಬಂಗಲೆ. ಬೋರ್ಡಿನ ಮೇಲೆ ಪ್ರವಾಸಿ ಮಂದಿರ ಎಂದು ಬರೆದಿದ್ದರೂ ಆಟೋದವನಿಗೆ ಐಬಿ ಅಂದರೇ ತಿಳಿಯುವುದು.

ಇಂಗ್ಲೆಂಡಿನಲ್ಲಿ ಬಂಗಲೋ ಎಂದರೆ ಸಣ್ಣ ಮನೆಯಂತೆ, ನಿಜವಾ?

ನಿಜ. ನಮ್ಮ ಅಣ್ಣನ ಮಗ ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋದ. ಮೊದಲ ವಾರ ಮನೆ ಹುಡುಕುವಾಗ ಜಾಹೀರಾತಿನಲ್ಲಿ ಬಂಗಲೋ ಎಂದು ಕಂಡಿತು, ಬಾಡಿಗೆಯೂ ಕೈಗೆ ಎಟುಕುವಂತಿತ್ತು. ಹಿಗ್ಗಿ ಫೋನ್ ಮಾಡಿದ. ‘ಕಾಕಾ, ಬಂಗ್ಲೆ ಸಿಗಾಕತ್ತೈತಿ, ಇಷ್ಟ ಸ್ವಸ್ತ!’ ಮರುದಿನ ಹೋಗಿ ನೋಡಿ ಬಂದ ಮೇಲೆ ದನಿ ಇಳಿದಿತ್ತು. ‘ಎರಡು ಖೋಲಿ ಅದಾವ ಕಾಕಾ. ಮ್ಯಾಲ ಮಾಳಿಗೀನೂ ಇಲ್ಲ. ಅಕ್ಕಪಕ್ಕ ಎಲ್ಲಾ ಮುದುಕರ ಇರೋದು.’

ಆತ ನೋಡಿದ್ದು ಸರಿಯಾದ ಬಂಗಲೋವನ್ನೇ. ಬ್ರಿಟನ್ನಿನಲ್ಲಿ ಈ ಪದಕ್ಕೆ ಒಂದೇ ಕಟ್ಟುಪಾಡು: ಮನೆ ಒಂದೇ ಅಂತಸ್ತಿನದಾಗಿರಬೇಕು. ಮೆಟ್ಟಿಲು ಹತ್ತುವ ಗೋಜಿಲ್ಲ ಎಂದು ವಯಸ್ಸಾದವರು ಅದನ್ನು ಇಷ್ಟಪಡುತ್ತಾರೆ. 1870ರ ಆಸುಪಾಸಿನಲ್ಲಿ ಕೆಂಟ್ ಕಡಲ ತೀರದಲ್ಲಿ ರಜೆ ಕಳೆಯುವ ಮನೆಗಳಾಗಿ ಇವು ಶುರುವಾದವು. ಆಗ ಉಳ್ಳವರ ಷೋಕಿ. ಬರಬರುತ್ತಾ ಸಾಮಾನ್ಯರ ಮನೆಯಾದವು. ಅಮೆರಿಕದಲ್ಲೂ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮಧ್ಯಮ ವರ್ಗದವರು ಕೈಗೆಟುಕುವ ಬೆಲೆಗೆ ಕಟ್ಟಿಸಿದ ಸಣ್ಣ ಮನೆಗೆ ಇದೇ ಹೆಸರು.

ನಮ್ಮಲ್ಲಿ ಆದದ್ದು ಬೇರೆ. ನಾವು ಆಕಾರ ಮರೆತು ಅಂತಸ್ತು ನೆನಪಿಟ್ಟುಕೊಂಡೆವು. ಸಾಹೇಬರ ಮನೆ ಬಂಗಲೆ, ಆದ್ದರಿಂದ ದೊಡ್ಡವರ ಮನೆ ಬಂಗಲೆ. ಮೂರು ಮಹಡಿ ಇದ್ದರೂ ಬಂಗಲೆಯೇ. ಇಂಗ್ಲಿಷರು ಆಕಾರ ಉಳಿಸಿಕೊಂಡು ಗತ್ತು ಬಿಟ್ಟರು. ಹಾಗಾಗಿ ಅಲ್ಲಿಯವರಿಗೆ ‘ನಮ್ಮದು ಬಂಗಲೋ’ ಎಂದು ಹೆಮ್ಮೆಯಿಂದ ಹೇಳಿದರೆ, ಪಾಪ ಮನೆಯಲ್ಲಿ ಯಾರಿಗೋ ಮಂಡಿನೋವು ಇರಬೇಕು ಎಂದುಕೊಂಡಾರು.

ಶಾಂಪೂ ನಿಜವಾಗಲೂ ನಮ್ಮ ಪದವಾ? ಬಾಟಲಿಯ ಮೇಲೆಲ್ಲ ಇಂಗ್ಲಿಷೇ ಇರುತ್ತದಲ್ಲ?

ಪದ ನಮ್ಮದು, ಬಾಟಲಿ ಅವರದು. ಹಿಂದಿಯಲ್ಲಿ ‘ಚಾಂಪ್ನಾ’ ಎಂದರೆ ಒತ್ತುವುದು, ಅಮುಕುವುದು, ಮೈ ನೀವುವುದು. ಅದರ ಆಜ್ಞೆಯ ರೂಪ ‘ಚಾಂಪೋ’. ಅಂದರೆ ‘ಒತ್ತು!’ ಆಳಿಗೆ ಹೇಳುವ ಮಾತನ್ನೇ ಕೇಳಿ ಇಂಗ್ಲಿಷರು ಅದನ್ನು ಕೆಲಸದ ಹೆಸರು ಮಾಡಿಕೊಂಡರು. ನಮ್ಮ ಮಾತಿಗೆ ಹೋಲಿಸಿದರೆ, ಯಾರೋ ಪರದೇಶಿ ‘ಒತ್ರಿ’ ಎಂಬುದನ್ನು ಕೇಳಿಸಿಕೊಂಡು, ಮುಂದೆ ಅಂಗಡಿಗೆ ಹೋಗಿ ‘ಒಂದು ಬಾಟಲಿ ಒತ್ರಿ ಕೊಡಿ’ ಎಂದಂತೆ.

ಇಂಗ್ಲಿಷ್ ಬರವಣಿಗೆಯಲ್ಲಿ ಇದು ಕಾಣಿಸಿಕೊಂಡಿದ್ದು 1762ರಲ್ಲಿ, ಒಂದು ಪ್ರವಾಸ ಕಥನದಲ್ಲಿ. ಅಲ್ಲಿ ಅದರ ಅರ್ಥ ಮಾಲೀಶು. ಕೂದಲಿನ ಮಾತೇ ಇಲ್ಲ, ನೊರೆಯೂ ಇಲ್ಲ.

ಇದನ್ನು ಇಂಗ್ಲೆಂಡಿನಲ್ಲಿ ಮನೆಮಾತು ಮಾಡಿದವನು ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ದೀನ್ ಮಹಮ್ಮದ್. ಕಂಪನಿಯ ಸೈನ್ಯದಲ್ಲಿದ್ದು, ಐರ್ಲೆಂಡಿಗೆ ಹೋಗಿ, ಅಲ್ಲಿಂದ ಲಂಡನ್ನಿಗೆ ಬಂದವನು. 1810ರಲ್ಲಿ ಲಂಡನ್ನಿನಲ್ಲಿ ಭಾರತದ ಅಡುಗೆಯ ಖಾನಾವಳಿ ತೆರೆದ. ಎರಡೇ ವರ್ಷದಲ್ಲಿ ದಿವಾಳಿ. ಆಮೇಲೆ ಬ್ರೈಟನ್ ಎಂಬ ಕಡಲೂರಿಗೆ ಹೋಗಿ ಸ್ನಾನಗೃಹ ಹಾಕಿದ. ಔಷಧಿ ಗಿಡಮೂಲಿಕೆಯ ಹಬೆ ತುಂಬಿದ ಕೋಣೆ. ಗಿರಾಕಿ ಫ್ಲಾನೆಲ್ ಬಟ್ಟೆಯ ಡೇರೆಯೊಳಗೆ ಕೂರಬೇಕು. ಚೆನ್ನಾಗಿ ಬೆವರಿದ ಮೇಲೆ, ಡೇರೆಯ ಬಟ್ಟೆಯಲ್ಲಿದ್ದ ತೋಳಿನ ಮೂಲಕ ಹೊರಗಿನಿಂದ ಕೈ ಹಾಕಿ ಮೈ ಒತ್ತುತ್ತಿದ್ದರು. ಇದಕ್ಕೆ ಆತ ಇಟ್ಟ ಹೆಸರು ಶಾಂಪೂಯಿಂಗ್. ಸಂಧಿವಾತ, ಮೈಕೈ ನೋವಿನವರು ಸಾಲುಗಟ್ಟಿದರು. 1822ರಲ್ಲಿ ಆ ವಿಷಯದ ಮೇಲೆ ಪುಸ್ತಕವನ್ನೂ ತಂದ. ನಾಲ್ಕನೇ ಜಾರ್ಜ್, ನಾಲ್ಕನೇ ವಿಲಿಯಂ, ಇಬ್ಬರು ದೊರೆಗಳಿಗೆ ‘ಶಾಂಪೂಯಿಂಗ್ ಸರ್ಜನ್’ ಆಗಿದ್ದ. ಸರ್ಜನ್ ಎಂದರೆ ಕತ್ತರಿ ಹಿಡಿದವನಲ್ಲ, ಮಾಲೀಶು ಮಾಡುವವನು.

ಮಾಲೀಶು ಹೋಗಿ ಸಾಬೂನು ಬಂದದ್ದು ಎಲ್ಲಿ?

ಕ್ಷೌರದಂಗಡಿಯಲ್ಲಿ ಎನ್ನಬಹುದು. ಮೈ ಒತ್ತುವುದು ತಲೆ ಒತ್ತುವುದಾಯಿತು. ತಲೆ ಒತ್ತುವಾಗ ಸಾಬೂನು ನೀರು ಹಾಕಿ ತಿಕ್ಕಿ ತೊಳೆಯುವುದು ಸೇರಿಕೊಂಡಿತು. 1860ರ ದಶಕಕ್ಕೆ ಶಾಂಪೂ ಎಂದರೆ ತಲೆ ತೊಳೆಯುವುದು ಮತ್ತು ತೊಳೆಯುವ ಸಾಬೂನು ಎಂಬ ಅರ್ಥ ಇಂಗ್ಲಿಷ್‌ನಲ್ಲಿ ಬಂದಾಗಿತ್ತು. ಅದೇ ಹೊತ್ತಿಗೆ ‘ಒತ್ತುವುದು’ ಎಂಬ ಹಳೆಯ ಅರ್ಥಕ್ಕೆ ಮಸಾಜ್ ಎಂಬ ಫ್ರೆಂಚ್ ಪದ ಬಂದು ಕೂತಿತು. ಹಳೆಯ ಕೆಲಸವನ್ನು ಬೇರೆಯವರು ಕಿತ್ತುಕೊಂಡಾಗ ಪದ ಹೊಸ ಕೆಲಸದಲ್ಲೇ ಉಳಿದುಬಿಡುತ್ತದೆ. ಈಗ ಅಲ್ಲಿ ಜಮಖಾನೆಗೂ ಶಾಂಪೂ ಮಾಡುತ್ತಾರೆ. ಜಮಖಾನೆಗೆ ಮಾಲೀಶು ಮಾಡಿದಂತೆ ಕಲ್ಪಿಸಿಕೊಳ್ಳಿ.

ನಮ್ಮೂರ ಕಟಿಂಗ್ ಅಂಗಡಿಯಲ್ಲಿ ಈ ಇಡೀ ಚರಿತ್ರೆ ಒಂದೇ ಕುರ್ಚಿಯ ಮೇಲೆ ನಡೆಯುತ್ತದೆ. ‘ಚಂಪಿ ಮಾಡ್ಲ್ಯಾ ಸರ?’ ಎಂದು ಎಣ್ಣೆ ಹಚ್ಚಿ ತಲೆ ತಟ್ಟುತ್ತಾನೆ. ಆಮೇಲೆ ಕಪಾಟಿನಿಂದ ಶಾಂಪೂ ಪಾಕೀಟು ಹರಿಯುತ್ತಾನೆ. ಚಂಪಿ, ಶಾಂಪೂ ಎರಡೂ ಒಂದೇ ತಾಯಿಯ ಮಕ್ಕಳು. ಒಂದು ಊರಲ್ಲೇ ಉಳಿಯಿತು, ಇನ್ನೊಂದು ಬ್ರೈಟನ್ ಸುತ್ತಿ ಬಂತು. ಮನೆಯಲ್ಲಿ ನಮ್ಮವ್ವ ಮಾತ್ರ ಎರಡನ್ನೂ ಲೆಕ್ಕಕ್ಕಿಡಲಿಲ್ಲ. ಸೀಗೆಕಾಯಿ ಹಾಕಿ ‘ಎರಕೊಳ್ಳೋದು’ ಎಂಬ ಪದವೇ ಆಕೆಗೆ ಸಾಕಾಗಿತ್ತು.

ಹೀಗೆ ಹೋಗಿ ವಾಪಸ್ ಬಂದ ಪದ ಬೇರೆ ಇವೆಯಾ?

ಮಲಗುವ ‘ಕಾಟ್’. ಖಾಟ್ ಎಂಬ ಹಿಂದಿ ಪದ ಇಂಗ್ಲಿಷ್‌ಗೆ ಹೋಯಿತು, ಇಂಗ್ಲಿಷ್ ಪದವೆಂದು ನಾವು ವಾಪಸ್ ತಂದುಕೊಂಡೆವು. ಬ್ರಿಟನ್ನಿನ ಅಂಗಡಿಯಲ್ಲಿ ಕಾಟ್ ಕೇಳಿದರೆ ಕೂಸಿನ ಹಾಸಿಗೆ ತೋರಿಸುತ್ತಾರೆ. ಅಮೆರಿಕದಲ್ಲಿ ಮಡಚುವ ಮಂಚ ತಂದುಕೊಡುತ್ತಾರೆ.

ನ್ಯಾವಿಗೇಶನ್ ಎಂಬುದು ಸಂಸ್ಕೃತದ ‘ನವಗತಿ’ಯಿಂದ ಬಂತು ಎಂದು ವಾಟ್ಸಾಪ್‌ನಲ್ಲಿ ಬಂದಿದೆ. ನಂಬಬಹುದಾ?

ಬೇಡ. ಅದು ಲ್ಯಾಟಿನ್‌ನ ‘ನಾವಿಸ್’, ಅಂದರೆ ಹಡಗು ಎಂಬ ಪದದಿಂದ ಬಂದದ್ದು. ಸಂಸ್ಕೃತದ ‘ನೌ’ಗೂ ಅದಕ್ಕೂ ನೆಂಟಸ್ತನ ಇರುವುದು ನಿಜ. ಆದರೆ ಅದು ಅಣ್ಣತಮ್ಮಂದಿರ ಮಕ್ಕಳ ನೆಂಟಸ್ತನ, ಕೊಟ್ಟು ತಂದ ನೆಂಟಸ್ತನ ಅಲ್ಲ. ಎರಡು ಭಾಷೆಗೂ ಒಬ್ಬನೇ ಮುತ್ತಜ್ಜ. ಇಂಗ್ಲಿಷ್‌ನ ‘ಮದರ್’, ನಮ್ಮ ‘ಮಾತೃ’ ಕೂಡ ಹಾಗೇ. ಅವನ್ನು ಯಾರೂ ಯಾರಿಂದಲೂ ಸಾಲ ತರಲಿಲ್ಲ.

ಸಾಲ ತಂದ ಪದವನ್ನು ಗುರುತಿಸುವ ಬಗೆ ಬೇರೆ. ಅದಕ್ಕೆ ಹುಟ್ಟಿದ ತಾರೀಖು ಇರುತ್ತದೆ. ನಮ್ಮಿಂದ ನೇರವಾಗಿ ಹೋದವು ಹೆಚ್ಚಾಗಿ 1600ರ ನಂತರ, ಕಂಪನಿಯ ಕಾಗದ, ಪ್ರವಾಸಿಗಳ ಬರವಣಿಗೆಯಲ್ಲಿ ಮೊದಲು ಕಾಣುತ್ತವೆ. ಶುರುವಿನಲ್ಲಿ ಕಾಗುಣಿತ ನೆಟ್ಟಗಿರುವುದಿಲ್ಲ, ಒಬ್ಬೊಬ್ಬ ಒಂದೊಂದು ಥರ ಬರೆಯುತ್ತಾನೆ. ಪಕ್ಕದಲ್ಲೇ ಅರ್ಥ ಬಿಡಿಸಿ ಹೇಳಿರುತ್ತಾನೆ, ‘ಬಂಗಲೆಗಳು ಅಥವಾ ಗುಡಿಸಲುಗಳು’ ಎಂದಂತೆ. ಓದುವವರಿಗೆ ಪದ ಗೊತ್ತಿಲ್ಲ ಎಂದು ಅವನಿಗೆ ತಿಳಿದಿದೆ. ಈ ಗುರುತು ಒಂದೂ ಇಲ್ಲದೆ ಬರೀ ಸದ್ದಿನ ಹೋಲಿಕೆ ಇದ್ದರೆ ಮುಂದಕ್ಕೆ ಕಳಿಸುವ ಮೊದಲು ಸ್ವಲ್ಪ ತಡೆಯಿರಿ.

ಕನ್ನಡದಿಂದ ಹೋದ ಪದ ಇಲ್ಲವಾ, ಸರ್?

ಕನ್ನಡದಿಂದಲೇ ನೇರ ಹೋಯಿತು ಎಂದು ಎದೆ ತಟ್ಟಿ ಹೇಳುವಂಥವು ಕಡಿಮೆ. ಕಾರಣ ಬಂದರು. ಇಂಗ್ಲಿಷರು ಮೊದಲು ಬೇರು ಬಿಟ್ಟಿದ್ದು ಸೂರತ್, ಮದ್ರಾಸು, ಬಂಗಾಳದಲ್ಲಿ. ಪೋರ್ಚುಗೀಸರು ಗೋವಾ, ಕೇರಳದ ಕಡೆ. ಹಾಗಾಗಿ ಗುಜರಾತಿ, ತಮಿಳು, ಮಲಯಾಳಂ, ಹಿಂದಿ ಮುಂದೆ ನಿಂತವು. ಅಡಕೆಗೆ ಇಂಗ್ಲಿಷ್‌ನಲ್ಲಿ ‘ಅರೀಕ’ ಎನ್ನುತ್ತಾರೆ. ಅದು ಪೋರ್ಚುಗೀಸರ ಬಾಯಿಂದ ದಾಟಿದ ಪದ. ಮೂಲ ಮಲಯಾಳಂ ಎಂದು ಹೆಚ್ಚಿನವರು ಬರೆದರೂ ನಮ್ಮ ಅಡಕೆಯೂ ಅದೇ ಪದ. ‘ಗನ್ನಿ ಬ್ಯಾಗ್’ ಎಂಬಲ್ಲಿನ ಗನ್ನಿ ನಮ್ಮ ಗೋಣಿಯೇ, ಆದರೆ ಅವರ ಕಿವಿಗೆ ಬಿದ್ದದ್ದು ಹಿಂದಿ, ಮರಾಠಿಯ ‘ಗೋಣಿ’. ಎಪಿಎಂಸಿಯಲ್ಲಿ ಗೋಣಿಚೀಲ ಹೊರುವ ಹಮಾಲನಿಗೆ ಈ ಜಗಳ ಬೇಕಾಗಿಲ್ಲ, ನನಗೂ ಅಷ್ಟೇ.

ಇವನ್ನೆಲ್ಲ ಒಂದೇ ಕಡೆ ನೋಡಬೇಕೆಂದರೆ?

‘ಹಾಬ್ಸನ್-ಜಾಬ್ಸನ್’ ಎಂಬ ಹಳೆಯ ನಿಘಂಟು ಇದೆ. ಹೆನ್ರಿ ಯೂಲ್, ಆರ್ಥರ್ ಬರ್ನೆಲ್ ಎಂಬಿಬ್ಬರು ಮಾಡಿದ್ದು, 1886ರದು. ಒಂದೊಂದು ಪದಕ್ಕೂ ಹಳೆಯ ಬಳಕೆಗಳನ್ನು ಇಸವಿ ಸಮೇತ ಸಾಲಾಗಿ ಕೊಟ್ಟಿದ್ದಾರೆ. ಅದರ ಕೆಲವು ವ್ಯುತ್ಪತ್ತಿಗಳು ಈಗ ನಿಲ್ಲುವುದಿಲ್ಲ, ಹೊಸ ನಿಘಂಟಿನ ಜೊತೆ ಇಟ್ಟುಕೊಂಡು ಓದಬೇಕು.

ಆ ಹೆಸರೇ ಒಂದು ಒಗಟು. ಹಾಬ್ಸನ್ ಎಂಬುವನೂ ಇಲ್ಲ, ಜಾಬ್ಸನ್ ಎಂಬುವನೂ ಇಲ್ಲ. ಮೊಹರಂ ಮೆರವಣಿಗೆಯಲ್ಲಿ ‘ಯಾ ಹಸನ್! ಯಾ ಹುಸೇನ್!’ ಎಂದು ಎದೆ ಬಡಿದುಕೊಳ್ಳುವುದನ್ನು ಬ್ರಿಟಿಷ್ ಸಿಪಾಯಿಗಳು ಕೇಳಿದರು. ತಮಗೆ ತಿಳಿದ ಹೆಸರುಗಳಿಗೆ ಹೊಂದಿಸಿ ಅದನ್ನು ಹಾಬ್ಸನ್-ಜಾಬ್ಸನ್ ಮಾಡಿಕೊಂಡರು. ನಮ್ಮ ಹಳ್ಳಿಗಳಲ್ಲಿ ಅಲಾವಿ ಕುಣಿತ, ರಿವಾಯತ್ ಪದ ನೋಡುತ್ತಾ ಬೆಳೆದ ಹುಡುಗರಿಗೆ ಇದನ್ನು ಹೇಳಿದಾಗ ತರಗತಿಯಲ್ಲಿ ಒಂದು ಕ್ಷಣ ಸದ್ದೇ ಇರಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, ‘ಸರ, ಅವರಿಗೆ ಹುಸೇನ ಅನ್ನಾಕ ಬರಲಿಲ್ಲೇನ್ರಿ?’ ಎಂದ.